ಫೋಟೋದಲ್ಲಿರುವ ಟಿ-ಪರೀಕ್ಷೆಯ ಕೋಷ್ಟಕ: ಮೊದಲು df ನೋಡಿ

ಸಾಫ್ಟ್‌ವೇರ್ ಕೋಷ್ಟಕದ ಫೋಟೋ ಕೊಟ್ಟು ಪ್ರಶ್ನೆ ಕೇಳಿದಾಗ ಹೆಚ್ಚಿನವರ ಕಣ್ಣು ನೇರವಾಗಿ Sig. (2-tailed) ಕಲಂಗೆ ಹೋಗುತ್ತದೆ. ಅದಕ್ಕಿಂತ ಮೊದಲು ನೋಡಬೇಕಾದ್ದು df. 10 ವಿದ್ಯಾರ್ಥಿಗಳ ಅಂಕಗಳನ್ನು ತರಬೇತಿಗೆ ಮೊದಲು ಮತ್ತು ನಂತರ ಅಳೆದಿದ್ದಾರೆ ಎನ್ನಿ. ಸರಾಸರಿ ಏರಿಕೆ 4, ಎರಡೂ ಸಲದ ಮಾನಕ ವಿಚಲನೆ 10, ವ್ಯತ್ಯಾಸಗಳ ಮಾನಕ ವಿಚಲನೆ 5. ಜೋಡಿ ಟಿ-ಪರೀಕ್ಷೆಯಲ್ಲಿ 4 ಅನ್ನು 5/√10 ರಿಂದ, ಅಂದರೆ 1.58ರಿಂದ ಭಾಗಿಸಿದರೆ t = 2.53, df = 9, Sig. ಸುಮಾರು .032. ಇದೇ ಅಂಕಗಳನ್ನು ಎರಡು ಬೇರೆ ಗುಂಪುಗಳೆಂದು ಭಾವಿಸಿದರೆ ಛೇದ 4.47 ಆಗಿ t = 0.89ಕ್ಕೆ ಇಳಿಯುತ್ತದೆ, df = 18 ಆಗುತ್ತದೆ, 5% ಮಟ್ಟದಲ್ಲಿ ಫಲಿತಾಂಶ ಸಾರ್ಥಕವಲ್ಲ. ಒಬ್ಬ ವಿದ್ಯಾರ್ಥಿಗೂ ಇನ್ನೊಬ್ಬನಿಗೂ ಇರುವ ಅಂತರವನ್ನು ಜೋಡಿ ಪರೀಕ್ಷೆ ಲೆಕ್ಕದಿಂದ ಹೊರಗಿಡುವುದೇ ಇದಕ್ಕೆ ಕಾರಣ. ಹಾಗಾಗಿ ಫೋಟೋದಲ್ಲಿ ಶೀರ್ಷಿಕೆ ಕತ್ತರಿಸಿ ಹೋಗಿದ್ದರೂ, 20 ಅಂಕಗಳಿಗೆ df 9 ಇದ್ದರೆ ಅದು ಜೋಡಿ ಪರೀಕ್ಷೆ.

ಎರಡೂ ಕಡೆ ಸಂಖ್ಯೆ ಸಮವಾಗಿದ್ದರೆ ಜೋಡಿ ಪರೀಕ್ಷೆಯೇ ಸರಿಯಲ್ಲವೇ ಎಂಬ ವಾದ ನಿಲ್ಲುವುದಿಲ್ಲ. 10 ಹುಡುಗರು, 10 ಹುಡುಗಿಯರು ಎಂದರೆ ಸಂಖ್ಯೆ ಸಮ, ಆದರೆ ಯಾರಿಗೆ ಯಾರು ಜೋಡಿ ಎಂಬುದೇ ಇಲ್ಲ. ಇನ್ನು .032 ಎಂದರೆ ತರಬೇತಿ ವ್ಯರ್ಥವಾಗಿರುವ ಸಾಧ್ಯತೆ 3.2% ಎಂದು ಓದುವುದೂ ತಪ್ಪು. ತರಬೇತಿಯಿಂದ ಏನೂ ಬದಲಾಗದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ 3.2% ಎಂಬುದಷ್ಟೇ ಅದರ ಅರ್ಥ. ಪ್ರಶ್ನೆ 1% ಮಟ್ಟ ಕೇಳಿದ್ದರೆ ಇದೇ .032ಕ್ಕೆ ಶೂನ್ಯ ಕಲ್ಪನೆಯನ್ನು ತಿರಸ್ಕರಿಸುವಂತಿಲ್ಲ.