ಕರಾರಿನ ಬೆಲೆಗಲ್ಲ ಮುದ್ರಾಂಕ

ಬೆಳ್ತಂಗಡಿ ತಾಲೂಕಿನ ಹಳ್ಳಿಯೊಂದರಲ್ಲಿ ಹತ್ತು ಸೆಂಟ್ಸ್ ಜಾಗ ಹತ್ತು ಲಕ್ಷಕ್ಕೆ ಮಾತಾಗಿದೆ ಅಂತಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕವನ್ನು ಆ ಹತ್ತು ಲಕ್ಷದ ಮೇಲೇ ಲೆಕ್ಕ ಹಾಕಿಕೊಂಡು ಹೋಗಬೇಡಿ. ಸರ್ಕಾರದ ಮಾರ್ಗಸೂಚಿ ದರದಂತೆ ಅದಕ್ಕೆ ಹನ್ನೆರಡು ಲಕ್ಷ ಬಂದರೆ ಶುಲ್ಕ ಹನ್ನೆರಡಕ್ಕೇ. ಎರಡರಲ್ಲಿ ಯಾವುದು ಹೆಚ್ಚೋ ಅದೇ ಲೆಕ್ಕ.

ಶೇ. 5ರಂತೆ 60,000 ರೂಪಾಯಿ ಆಯಿತು. ಆ ಶುಲ್ಕದ ಮೇಲೆ ಶೇ. 10 ಸೆಸ್, ಅಂದರೆ 6,000. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದ್ದರಿಂದ ಮತ್ತೆ ಶೇ. 3 ಸರ್‌ಚಾರ್ಜ್, 1,800. ಒಟ್ಟು 67,800. ಅದೇ ಬೆಲೆಯ ಜಾಗ ಬಂಟ್ವಾಳ ಅಥವಾ ಮೂಡುಬಿದಿರೆ ಪುರಸಭೆಯೊಳಗಿದ್ದರೆ ಸರ್‌ಚಾರ್ಜ್ ಶೇ. 2, ಉಳಿಯುವುದು ಬರೀ 600 ರೂಪಾಯಿ! 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ. 1ರಿಂದ 2ಕ್ಕೆ ಏರಿದೆ. ಅದಕ್ಕೆ 24,000 ಬೇರೆ ಇಡಿ.

ಹಾಗಾದರೆ ಊರಿಂದೂರಿಗೆ ಒಟ್ಟು ಶುಲ್ಕದಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ? ಶೇಕಡಾವಾರಿನಿಂದಲ್ಲ, ಮಾರ್ಗಸೂಚಿ ದರದಿಂದ. ಅದು ಗ್ರಾಮವಾರು ಬೇರೆ, ಹೆದ್ದಾರಿ ಬದಿಗೆ ಬೇರೆ, ತೋಟಕ್ಕೂ ಭೂಪರಿವರ್ತನೆಯಾದ ನಿವೇಶನಕ್ಕೂ ಬೇರೆ. ಗಡಿ ದಾಟಿ ಕಾಸರಗೋಡಿಗೆ ಹೋದರೆ ಮಾತ್ರ ಶೇಕಡಾವಾರೇ ಬದಲು: ಕೇರಳದಲ್ಲಿ ಶೇ. 8. ಜಾಗದ ಕ್ರಯಪತ್ರಗಳಿಗೆ ಮುದ್ರಾಂಕ ದರ ನಿಗದಿ ಮಾಡುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ.

ಬೆಲೆ ಕಡಿಮೆ ಬರೆಸಿ ಉಳಿಸೋಣವೆಂದರೆ, ಉಪನೋಂದಣಾಧಿಕಾರಿ ಪತ್ರವನ್ನು ತಡೆಹಿಡಿದು ಮೌಲ್ಯ ನಿರ್ಧಾರಕ್ಕೆ ಮೇಲಕ್ಕೆ ಕಳಿಸಬಹುದು. ಮುಂಗಡ ಕೊಡುವ ಮೊದಲೇ ಕಾವೇರಿ ಜಾಲತಾಣದಲ್ಲಿ ನಿಮ್ಮ ಗ್ರಾಮದ ದರ ನೋಡಿ, ಆರ್‌ಟಿಸಿ ಕೈಯಲ್ಲಿರಲಿ.