ಆಲ್ಟ್-ಟ್ಯಾಬ್ ಒತ್ತಿದರೆ ಆಟ ಯಾಕೆ ಸಾಯುತ್ತದೆ?

ಉರಿಗಾಂನ ಓದುಗರೇ, ನೀವು ಬರೆದ ಲಕ್ಷಣವೇ ಕಾರಣವನ್ನೂ ಹೇಳುತ್ತಿದೆ. ಗಂಟೆಗಟ್ಟಲೆ ಆಡಿದರೂ ತೊಂದರೆಯಿಲ್ಲ, ಆಲ್ಟ್-ಟ್ಯಾಬ್ ಒತ್ತಿ ವಾಪಸ್ ಬಂದಾಗ ಮಾತ್ರ ಪರದೆ ಕಪ್ಪಾಗಿ, ಸದ್ದು ಮುಂದುವರಿಯುತ್ತದೆ ಎಂದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಡೈರೆಕ್ಟ್‌ಎಕ್ಸ್ 9 ಕಾಲದ ಆಟ ಎಕ್ಸ್‌ಕ್ಲೂಸಿವ್ ಫುಲ್‌ಸ್ಕ್ರೀನ್‌ನಲ್ಲಿ ಇಡೀ ಪರದೆಯನ್ನು ತಾನೇ ಹಿಡಿದುಕೊಂಡಿರುತ್ತದೆ. ನೀವು ಹೊರಗೆ ಹೋದ ಕೂಡಲೇ ಆ ಹಿಡಿತ ತಪ್ಪುತ್ತದೆ. ಮರಳಿದಾಗ ಕಾರ್ಡಿನ ಮೆಮೊರಿಯಲ್ಲಿ ಕಳೆದುಹೋದ ಚಿತ್ರಗಳನ್ನು ಆಟವೇ ಮತ್ತೆ ಕಟ್ಟಬೇಕು. ಅದರಲ್ಲಿ ಒಂದನ್ನು ಮರೆತರೂ ಸಾಕು, ಆಟ ಅಲ್ಲೇ ನಿಲ್ಲುತ್ತದೆ. ಆಟ 1024×768, ಡೆಸ್ಕ್‌ಟಾಪ್ 1366×768 ಇದ್ದರೆ ಮಾನಿಟರ್ ಕೂಡ ಪ್ರತಿ ಸಲ ಅಳತೆ ಬದಲಿಸಬೇಕು; ಆ ಕ್ಷಣದ ಮಿಣುಕು ಅದೇ.

ಇದಕ್ಕೆ ಮದ್ದು ಬಾರ್ಡರ್‌ಲೆಸ್ ವಿಂಡೋಡ್; ಅದರಲ್ಲಿ ಆಟ ಅಂಚಿಲ್ಲದ ಒಂದು ಸಾಮಾನ್ಯ ವಿಂಡೋ ಅಷ್ಟೇ. ಹಿಡಿತವೇ ಇಲ್ಲದ ಮೇಲೆ ತಪ್ಪುವ ಪ್ರಶ್ನೆಯೂ ಇಲ್ಲ. ವೇಗ ಕುಸಿಯುತ್ತದೆ, ಮೌಸ್ ತಡವಾಗುತ್ತದೆ ಎಂಬ ಆಕ್ಷೇಪ ವಿಂಡೋಸ್ 7ರ ಕಾಲಕ್ಕೆ ನ್ಯಾಯವೇ. ವಿಂಡೋಸ್ 10ರ ನಂತರ, ಹೊಸ ಆಟಗಳಲ್ಲಿ ಆ ಅಂತರ ತೀರಾ ಕಿರಿದಾಗಿದೆ. ಹಳೆಯವುಗಳಲ್ಲಿ ಸ್ವಲ್ಪ ಉಳಿದಿರಬಹುದು. ನಿಜವಾದ ನಷ್ಟ ಬೇರೆ: ಈ ವಿಧಾನದಲ್ಲಿ ಆಟ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಅಳತೆಯಲ್ಲೇ ಓಡುವುದರಿಂದ ಹಳೆ ಕಾರ್ಡಿಗೆ ಭಾರ. ಆಡುವ ಮುನ್ನ ಡೆಸ್ಕ್‌ಟಾಪ್ ರೆಸಲ್ಯೂಶನ್ ಇಳಿಸಿಕೊಳ್ಳಿ.

ಆಲ್ಟ್-ಟ್ಯಾಬ್ ಮುಟ್ಟದೆಯೂ ಆಟ ಬಿದ್ದರೆ ಮಾತ್ರ ಈ ಮದ್ದು ನಾಟದು. ಆಗ ಈವೆಂಟ್ ವ್ಯೂವರ್‌ನ ಸಿಸ್ಟಮ್ ಪಟ್ಟಿಯಲ್ಲಿ Display, 4101 ಎಂಬ ಸಾಲು ಹುಡುಕಿ; ಸಿಕ್ಕರೆ ಡ್ರೈವರ್ ಮತ್ತು ಕಾರ್ಡಿನ ಬಿಸಿಯನ್ನು ನೋಡಿ.