ಬೆಂಕಿಯ ನಡುವಿನ ನಾಯಿ ಯಾರದು?

ಪುಟ್ಟಾ, ನೀನು ನಿನ್ನೆ ಕಳಿಸಿದ ಮೀಮ್ ನೋಡಿದೆ. ಸುತ್ತ ಉರಿಯುವ ಬೆಂಕಿ, ನಡುವೆ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತ ನಾಯಿ, ಎಲ್ಲಾ ಸರಿಯಾಗಿದೆ ಅನ್ನುವ ಅದರ ಮಾತು. ಕೆಳಗೆ ಹೆಸರಿರುವ ಪೇಜಿನವರೇ ಇದನ್ನು ಬರೆದರಾ ಅಂತ ಕೇಳಿದ್ದೀಯ. ಅವರಲ್ಲ. ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ, ನೀನೂ ಮಾಡಿ ನೋಡು.

ಹುಡುಕುವುದಕ್ಕೆ ಮುಂಚೆ ಚಿತ್ರವನ್ನು ದೊಡ್ಡದು ಮಾಡಿಕೊಂಡು ನೋಡು. ಅದರಲ್ಲಿ ಎರಡು ವಾಟರ್‌ಮಾರ್ಕ್ ಇವೆ. ಕೆಳಗಿನದರ ಅಕ್ಷರ ಚೂಪಾಗಿದೆ. ಬಲಮೂಲೆಯದು ಮಸುಕಾಗಿ, ಅಂಚೆಲ್ಲಾ ಚೌಕಚೌಕವಾಗಿ ಒಡೆದು, ಅರ್ಧಕ್ಕೆ ಕತ್ತರಿಸಿಹೋಗಿದೆ. ಚಿತ್ರ ಒಬ್ಬರಿಂದೊಬ್ಬರಿಗೆ ಹೋದಂತೆಲ್ಲಾ ಕುಗ್ಗುತ್ತದೆ, ಕುಗ್ಗಿದಷ್ಟೂ ಸವೆಯುತ್ತದೆ. ಹಾಗಾಗಿ ಹೆಚ್ಚು ಸವೆದ ಗುರುತು ಸಾಮಾನ್ಯವಾಗಿ ಹಳೆಯದು. ಅರ್ಧ ತುಂಡಾದದ್ದಂತೂ ಆ ಕತ್ತರಿಗಿಂತ ಮೊದಲೇ ಅಲ್ಲಿತ್ತು. ಕೆಳಗಿನ ಪೇಜಿನವರು ಸಾಲಿನಲ್ಲಿ ಕೊನೆಗೆ ಬಂದವರು, ಅಷ್ಟೇ.

ಈಗ ಕ್ರಾಪ್ ಮಾಡು. ಮೇಲಿನ ಬ್ಯಾಟರಿ ಪಟ್ಟಿ, ಕೆಳಗಿನ ಹೆಸರು, ಯಾರೋ ಸೇರಿಸಿದ ಕನ್ನಡ ಸಾಲು ಎಲ್ಲ ತೆಗೆ. ಇಲ್ಲದಿದ್ದರೆ ಹುಡುಕುವ ಯಂತ್ರ ಚಿತ್ರದ ಬದಲು ಅಕ್ಷರದ ಬೆನ್ನು ಹತ್ತಬಹುದು. ಮೀಮಿನ ಎರಡು ಚೌಕಗಳನ್ನೂ ಇಟ್ಟು ಒಮ್ಮೆ ಹುಡುಕು, ನಾಯಿಯ ಒಂದೇ ಚೌಕ ಇಟ್ಟು ಇನ್ನೊಮ್ಮೆ. ಯಾರಾದರೂ ಎಡಬಲ ತಿರುಗಿಸಿರಬಹುದು ಅನ್ನಿಸಿದರೆ ನೀನೂ ತಿರುಗಿಸಿ ಮತ್ತೊಮ್ಮೆ ಹಾಕು.

ಗೂಗಲ್ ಲೆನ್ಸ್ ಹೋಲುವ ವಸ್ತುಗಳನ್ನೂ ತಂದು ಸುರಿಯುತ್ತದೆ, ಈ ನಾಯಿಯ ಗೊಂಬೆ, ಟೀ ಶರ್ಟುಗಳೂ ಬರುತ್ತವೆ. ಟಿನ್‌ಐ ಎಂಬ ಚಿತ್ರ ಹುಡುಕುವ ತಾಣ ಹಾಗಲ್ಲ, ಕತ್ತರಿಸಿ ತಿದ್ದಿದ್ದರೂ ಅದೇ ಚಿತ್ರವನ್ನೇ ಹುಡುಕುತ್ತದೆ. ಅಲ್ಲಿ Oldest ಅಂತ ಒತ್ತಿದರೆ ಹಳೆಯದು ಮೊದಲು ಬರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಅಲ್ಲಿ ಕಾಣುವ ತಾರೀಕು ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ, ಚಿತ್ರ ಹುಟ್ಟಿದ ದಿನವಲ್ಲ. ವಾಟ್ಸಾಪ್ ಗುಂಪಿನೊಳಗೆ ಅದರ ಕಣ್ಣು ಹಾಯುವುದೂ ಇಲ್ಲ.

ಅದಕ್ಕೇ ತಾರೀಕಿನ ಜೊತೆ ಚಿತ್ರವನ್ನೂ ನೋಡು. ನಿನ್ನಲ್ಲಿರುವುದು ಎರಡು ಚೌಕ. ಸಿಕ್ಕಿದ ಕೆಲವು ಪ್ರತಿಗಳಲ್ಲಿ ಆರು ಇವೆ: ನಾಯಿ ಕಾಫಿ ಕುಡಿಯುತ್ತದೆ, ಕೈಗೆ ಬೆಂಕಿ ಹತ್ತುತ್ತದೆ, ಕೊನೆಗೆ ಮುಖವೇ ಕರಗುತ್ತದೆ. ಆರರಿಂದ ಎರಡನ್ನು ಕತ್ತರಿಸುವುದು ಸುಲಭ. ಎರಡರಿಂದ ಆರಾಗಬೇಕಾದರೆ ಅದೇ ಕೈ ಮತ್ತೆ ಬರೆಯಬೇಕು. ಆ ಪೂರ್ತಿ ಚಿತ್ರದ ದಾರಿ ಹಿಡಿದು ಹೋದರೆ ಅಮೆರಿಕದ ಕೆ.ಸಿ. ಗ್ರೀನ್ ಎಂಬ ಕಲಾವಿದರ ‘ಗನ್‌ಶೋ’ ವೆಬ್‌ಕಾಮಿಕ್ ಸಿಗುತ್ತದೆ. ಇದು ಅದರ 648ನೆಯ ಕಂತು, ಬಂದದ್ದು 2013ರ ಜನವರಿಯಲ್ಲಿ.

ಒಂದು ಎಚ್ಚರಿಕೆ. ಗ್ರೀನ್ ಅವರೇ 2016ರಲ್ಲಿ ಅದೇ ನಾಯಿ ಗಾಬರಿಯಾಗಿ ಬೆಂಕಿ ಆರಿಸುವ ಇನ್ನೊಂದು ಕಾಮಿಕ್ ಬರೆದರು. ಅದೂ ಫಲಿತಾಂಶದಲ್ಲಿ ಬರಬಹುದು, ಅದನ್ನೇ ಮೂಲ ಅಂದುಕೊಳ್ಳಬೇಡ. ಇನ್ನು ಬಲಮೂಲೆಯ ಆ ಅರ್ಧ ಹೆಸರು ಯಾರದೆಂದು ತಿಳಿಯಬೇಕಾದರೆ, ಅದು ಪೂರ್ತಿ ಕಾಣುವ ಪ್ರತಿ ಸಿಗುವವರೆಗೆ ಫಲಿತಾಂಶಗಳನ್ನು ಒಂದೊಂದಾಗಿ ತೆರೆದು ನೋಡು.